‘ಐವತ್ತು ಅಂದ್ರೆ ಜಸ್ಟ್ ಪಾಸಾ, ಮೇಡಂ?’

ಚೇತನ್‌ಗೆ ಒಂಬತ್ತು ವರ್ಷ. ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ತಾಲ್ಲೂಕು ಕೇಂದ್ರವೊಂದರ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಾನೆ. ತಂದೆಗೆ ಹಾರ್ಡ್‌ವೇರ್ ಅಂಗಡಿ, ತಾಯಿಗೆ ಸಹಕಾರ ಸಂಘದಲ್ಲಿ ಕೆಲಸ. ಅಂಗಡಿಗೆ ಹೋದರೆ ಹುಡುಗ ಚಿಲ್ಲರೆ ಲೆಕ್ಕವನ್ನು ಬಾಯಲ್ಲೇ ಹೇಳಿಬಿಡುತ್ತಾನೆ, ಪುಸ್ತಕ ತೆಗೆದರೆ ಹೊಟ್ಟೆನೋವು. ಶಾಲೆಯವರು ಎರಡು ವರ್ಷ ಡೈರಿಯಲ್ಲಿ ‘ಗಮನ ಸಾಲದು’ ಎಂದು ಬರೆದು, ಕೊನೆಗೆ ‘ಟೆಸ್ಟ್ ಮಾಡಿಸಿ’ ಎಂದಿದ್ದರು.

ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬರಲು ಹೇಳಿದೆವು. ಎರಡೂ ಸರಿಯಿದ್ದವು. ಆಮೇಲೆ ನಮ್ಮ ಕ್ಲಿನಿಕಲ್ ಸೈಕಾಲಜಿಸ್ಟ್ ಬುದ್ಧಿಶಕ್ತಿಗೆ ರೇವನ್ ಅವರ ಬಣ್ಣದ ಚಿತ್ರಗಳ ಪರೀಕ್ಷೆಯನ್ನೂ, ಓದು-ಬರಹ-ಲೆಕ್ಕಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನೂ ಮಾಡಿದರು. ವರದಿಯನ್ನು ಮನೆಯವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ.

ಮಾತಾಡುವ ಮೊದಲು ವರದಿ ಮನೆಯವರ ಕೈಗೆ ಹೋಗಬಾರದು ಎಂಬುದು ನನ್ನ ಪದ್ಧತಿ. ಈ ಸಲ ಅದು ಹಿಂದಿನ ದಿನವೇ ಹೋಗಿತ್ತು. ಅಪ್ಪ ರಾತ್ರಿಯೆಲ್ಲ ಮೊಬೈಲಿನಲ್ಲಿ ಪದ ಹುಡುಕಿದ್ದರು. ಎರಡು ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಒಂದು ‘50ನೇ ಪರ್ಸೆಂಟೈಲ್’, ಇನ್ನೊಂದು ‘ಓದು: 2ನೇ ತರಗತಿ ಮಟ್ಟ’.

ಕೂತ ತಕ್ಷಣ ವಿವರಿಸಲು ಶುರುಮಾಡಲಿಲ್ಲ. “ವರದಿ ಓದಿದಾಗ ನಿಮಗೆ ಏನನ್ನಿಸಿತು?” ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಅಪ್ಪ, “ಐವತ್ತು ಅಂದ್ರೆ ಜಸ್ಟ್ ಪಾಸಾ, ಮೇಡಂ? ಇವನ ಬುದ್ಧಿ ಎರಡನೇ ಕ್ಲಾಸಿಗೇ ನಿಂತುಬಿಟ್ಟಿದೆಯಾ?” ಎಂದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಕೆಲಸಕ್ಕೆ ಹೋಗಿದ್ದರಿಂದ ಹೀಗಾಯ್ತು ಅಂತ ನಮ್ಮತ್ತೆ ಹೇಳ್ತಾರೆ” ಎಂದರು. ಎದುರಿಗಿರುವವರ ತಲೆಯಲ್ಲಿ ಇಂಥ ಪ್ರಶ್ನೆ ಕುದಿಯುತ್ತಿರುವಾಗ ನಾವು ಮೊದಲ ಪುಟದಿಂದ ಓದುತ್ತಾ ಹೋದರೆ ಒಂದು ಮಾತೂ ಒಳಗಿಳಿಯುವುದಿಲ್ಲ. ಆದ್ದರಿಂದ ವರದಿ ಮುಚ್ಚಿಟ್ಟು ಆ ಭಯಗಳಿಗೇ ಮೊದಲು ಉತ್ತರ ಕೊಟ್ಟೆ.

“ಅದು ಮಾರ್ಕ್ಸ್ ಅಲ್ಲ. ಚೇತನ್ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಇವನು ಸರಿಯಾಗಿ ನಡುವೆ ನಿಲ್ಲುತ್ತಾನೆ, ಅಷ್ಟೇ ಅದರ ಅರ್ಥ. ಯೋಚಿಸುವ ಶಕ್ತಿ ವಯಸ್ಸಿಗೆ ತಕ್ಕಂತೆ ಇದೆ.” ಅಮ್ಮನಿಗೆ, “ನೀವು ಕೆಲಸಕ್ಕೆ ಹೋದದ್ದಕ್ಕೂ ಇವನ ಓದಿನ ತೊಂದರೆಗೂ ಸಂಬಂಧ ಇಲ್ಲ. ಇದು ಹುಟ್ಟಿನಿಂದಲೇ ಬರುವಂಥದ್ದು, ಎಷ್ಟೋ ಸಲ ವಂಶದಲ್ಲಿ ಇನ್ನೊಬ್ಬರಿಗೂ ಇರುತ್ತದೆ” ಎಂದೆ. ಅಪ್ಪ ತಟ್ಟನೆ, “ನಾನೂ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲೇ ಫೇಲಾಗಿದ್ದೆ” ಎಂದು ನಕ್ಕರು. ಅವರದೂ ಇದೇ ತೊಂದರೆ ಎಂದು ಹೇಳಲು ಆ ಒಂದು ಮಾತು ಸಾಲದು, ನಾನು ಹೇಳಲೂ ಇಲ್ಲ. ಆದರೆ ಅಲ್ಲಿಂದ ಮುಂದೆ ಅವರ ದನಿ ಬದಲಾಯಿತು.

ಎರಡನೇ ಗೆರೆಗೆ ಉತ್ತರ ಕೊಡಲು ಅಂಕಿಗಿಂತ ಮಗುವಿನ ಹಾಳೆಯೇ ಚೆನ್ನ. ಪರೀಕ್ಷೆ ಮುಗಿದ ಮೇಲೆ ಬೇರೆಯಾಗಿ ಮಾಡಿಸಿದ್ದ ಒಂದು ಸಣ್ಣ ಕೆಲಸವನ್ನು ತೋರಿಸಿದೆ. ನಾಲ್ಕನೇ ತರಗತಿ ಮಟ್ಟದ ಒಂದು ಕಥೆಯನ್ನು ಚೇತನ್ ತಾನೇ ಓದಿದಾಗ ಐದು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಹೇಳಿದ್ದ. ಅಷ್ಟೇ ಕಷ್ಟದ ಇನ್ನೊಂದು ಕಥೆಯನ್ನು ನಾವು ಓದಿ ಹೇಳಿದಾಗ ಐದಕ್ಕೂ ಹೇಳಿದ್ದ. ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟೆ. “ಕಿವಿಯಿಂದ ಹೋದದ್ದು ಅರ್ಥವಾಗುತ್ತದೆ. ಅಕ್ಷರ ನೋಡಿ ಅದನ್ನು ಶಬ್ದವಾಗಿಸುವ ಒಂದು ಕೆಲಸದಲ್ಲಿ ಮಾತ್ರ ಇವನು ಎರಡನೇ ತರಗತಿಯವರಷ್ಟು ಇದ್ದಾನೆ. ಆ ಎರಡು, ಬುದ್ಧಿಯ ಎರಡಲ್ಲ.”

“ಇಂಗ್ಲಿಷ್ ಮೀಡಿಯಂ ಬಿಡಿಸಿದ್ರೆ ಸರಿಹೋಗುತ್ತಾ?” ಎಂಬುದು ಮುಂದಿನ ಪ್ರಶ್ನೆ. ಬಹಳ ಜನ ಕೇಳುತ್ತಾರೆ, ಕೇಳಬೇಕಾದದ್ದೇ. ಇಂಗ್ಲಿಷ್ ಸರಿಯಾಗಿ ಬಾರದ ಮಗು ಇಂಗ್ಲಿಷ್ ಓದಲು ತಡವರಿಸಿದರೆ ಅದು ಕಲಿಕಾ ನ್ಯೂನತೆಯೇ ಆಗಬೇಕಿಲ್ಲ. ಅದಕ್ಕೇ ಕನ್ನಡದಲ್ಲೂ ಓದಿಸಿ, ಬರೆಸಿದ್ದೆವು. ‘ಪುಸ್ತಕ’ವನ್ನು ‘ಪುತಕ’ ಎಂದೂ ‘ಅಕ್ಕ’ನನ್ನು ‘ಅಕ’ ಎಂದೂ ಬರೆದಿದ್ದ. ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದ, ದೀರ್ಘ ಬಿಟ್ಟುಹೋಗುತ್ತಿತ್ತು. ಮನೆಮಾತಿನಲ್ಲೂ ಇದೇ ತೊಂದರೆ ಇರುವುದರಿಂದ ಮಾಧ್ಯಮ ಬದಲಿಸಿದ ಮಾತ್ರಕ್ಕೆ ಇದು ಹೋಗುವುದಿಲ್ಲ ಎಂದು ಆ ಹಾಳೆ ತೋರಿಸಿಯೇ ಹೇಳಿದೆ. ಲೆಕ್ಕದ ಹಾಳೆಯನ್ನೂ ತೋರಿಸಿದೆ: ಕೂಡು-ಕಳೆ ಸರಿ, ವಾಕ್ಯದಲ್ಲಿ ಬಂದ ಲೆಕ್ಕ ಮಾತ್ರ ಖಾಲಿ.

ಇಷ್ಟಾದ ಮೇಲೆ ಹೆಸರು ಹೇಳಿದೆ. ಇದಕ್ಕೆ ಡಿಸ್‌ಲೆಕ್ಸಿಯಾ ಎನ್ನುತ್ತಾರೆ, ವರದಿಯಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂದಿರುತ್ತದೆ. ಜಾರ್ಗನ್ ಬೇಡ ಎಂದುಕೊಂಡು ಕೆಲವರು ಹೆಸರನ್ನೇ ಮುಚ್ಚಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ ಅದೇ ಹೆಸರಿನಿಂದ ಕೆಲಸವಾಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವುದೂ ಅದೇ ಹೆಸರು. ‘ಅಂಗವಿಕಲ’ ಎಂಬ ಪದ ಕೇಳಿ ಅಮ್ಮನ ಮುಖ ಸಪ್ಪಗಾಯಿತು. ಮುಂದೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲ ಕೇಳಲು ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ಇವತ್ತೇ ತೀರ್ಮಾನಿಸಬೇಕಿಲ್ಲ ಎಂದು ಅಲ್ಲಿಗೆ ಬಿಟ್ಟೆ.

“ಗುಣ ಆಗುತ್ತಾ?” ಎಂದು ಅಪ್ಪ ಕೇಳಿದರು. ಮಾತ್ರೆಯಿಲ್ಲ, ಸರಿಯಾಗಿ ಕಲಿಸಿದರೆ ಓದು ಸುಧಾರಿಸುತ್ತದೆ, ಆದರೆ ನಿಧಾನ ಮತ್ತು ಕಾಗುಣಿತದ ತಪ್ಪು ದೊಡ್ಡವನಾದ ಮೇಲೂ ಸ್ವಲ್ಪ ಉಳಿಯಬಹುದು ಎಂದೆ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ತೆಗೆಯುತ್ತಾನೆ ಎಂಬುದನ್ನು ಈ ವರದಿ ನೋಡಿ ಯಾರೂ ಹೇಳಲಾರರು ಎಂಬುದನ್ನೂ ಸೇರಿಸಿದೆ.

ಎದ್ದು ಹೊರಡುವ ಮುಂಚೆ “ಎಲ್ಲ ಅರ್ಥವಾಯ್ತಾ?” ಎಂದು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. “ಮನೆಗೆ ಹೋದ ಮೇಲೆ ಅತ್ತೆಗೆ ಏನಂತ ಹೇಳ್ತೀರಿ?” ಎಂದು ಅಮ್ಮನನ್ನು ಕೇಳಿದೆ. “ಬುದ್ಧಿ ಇದೆಯಂತೆ, ಮನಸ್ಸಿಟ್ಟು ಓದಲ್ಲ ಅಷ್ಟೇ ಅಂತ ಹೇಳ್ತೀನಿ.” ಹೀಗೆ ಅರ್ಥವಾದರೆ ಮನೆಯಲ್ಲಿ ಬೈಗುಳ ಇನ್ನೂ ಹೆಚ್ಚುತ್ತದೆ. ಮತ್ತೆ ಆ ಕನ್ನಡ ಬರಹದ ಹಾಳೆ ತೆಗೆದೆ. “ಇಲ್ಲಿ ನೋಡಿ, ಎಷ್ಟು ಸಲ ಅಳಿಸಿ ಬರೆದಿದ್ದಾನೆ. ಮನಸ್ಸಿಡದ ಮಗು ಇಷ್ಟು ಅಳಿಸುತ್ತದಾ?” ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎರಡನೇ ಸಲ ಹೇಳಿದ್ದು ಸರಿಯಿತ್ತು: “ಕಷ್ಟಪಡ್ತಾನೆ, ಅಕ್ಷರ ಕೈಗೆ ಸಿಗಲ್ಲ. ಬೇರೆ ಥರ ಹೇಳಿಕೊಡಬೇಕು.”

ಆ ದಿನ ಕೊಟ್ಟ ಸಲಹೆ ಕಡಿಮೆಯೇ. ವಿಜ್ಞಾನ, ಸಮಾಜ ಪಾಠಗಳನ್ನು ದೊಡ್ಡವರು ಓದಿ ಹೇಳಲಿ, ಅವನು ಕೇಳಿ ಬಾಯಲ್ಲಿ ಉತ್ತರ ಹೇಳಲಿ. ಓದುವ ಅಭ್ಯಾಸ ಬೇರೆಯಾಗಿ, ದಿನಕ್ಕೆ ಇಪ್ಪತ್ತು ನಿಮಿಷ, ಅವನ ಈಗಿನ ಮಟ್ಟದ ಪುಸ್ತಕದಿಂದ. ವಿಶೇಷ ಶಿಕ್ಷಕಿಯ ಬಳಿ ವಾರಕ್ಕೆ ಎರಡು ಪಾಠ. ತಪ್ಪಾದ ಪದವನ್ನು ಹತ್ತು ಸಲ ಬರೆಸುವುದು ಇವತ್ತಿಗೇ ನಿಲ್ಲಲಿ. ಬರೆದಷ್ಟೂ ತಪ್ಪೇ ಕೈಗೆ ರೂಢಿಯಾಗುತ್ತದೆ. ಪ್ರಶ್ನೆಗಳನ್ನು ಅವನಿಗೆ ಓದಿ ಹೇಳುವಂತೆ, ತರಗತಿಯ ಮುಂದೆ ಗಟ್ಟಿಯಾಗಿ ಓದಿಸದಂತೆ ಶಾಲೆಗೆ ಪತ್ರ ಕೊಟ್ಟೆ. ಇದಿಷ್ಟನ್ನೂ ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದುಕೊಟ್ಟೆವು.

ಕೊನೆಯ ಹತ್ತು ನಿಮಿಷ ಚೇತನ್‌ನನ್ನೂ ಒಳಗೆ ಕರೆದೆವು. ಮಾತು ಅಪ್ಪನ ಬಾಯಿಂದಲೇ ಬರಲಿ ಎಂದು ಮೊದಲೇ ಹೇಳಿಟ್ಟಿದ್ದೆ. “ನೀನು ದಡ್ಡ ಅಲ್ಲ ಕಣೋ. ಓದೋದನ್ನ ಬೇರೆ ಥರ ಕಲಿಸ್ತಾರಂತೆ” ಎಂದರು. ಹುಡುಗ ಕೇಳಿದ್ದು ಒಂದೇ: “ಹಾಗಾದ್ರೆ ಮೂರನೇ ಕ್ಲಾಸಿಗೆ ಹಾಕಲ್ವಾ?” ಅವನ ಭಯ ಅದು, ನಮ್ಮ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆವು.

ಮುಂದಿನ ಭೇಟಿ ಮೂರು ತಿಂಗಳಿಗೆ, ಅಜ್ಜಿಯನ್ನೂ ಕರೆದುಕೊಂಡು ಬರಬೇಕು. ಅಲ್ಲಿಯವರೆಗೆ ಇನ್ನೆಲ್ಲೂ ಇದೇ ಪರೀಕ್ಷೆ ಮಾಡಿಸಬೇಡಿ ಎಂದು ಹೇಳಿ ಕಳಿಸಿದೆ. ಬೇಗ ಬೇಗ ಮಾಡಿಸಿದರೆ ಮಗುವಿಗೆ ಪ್ರಶ್ನೆಗಳು ನೆನಪಿರುತ್ತವೆ, ಅಂಕಿ ಸುಮ್ಮನೆ ಏರುತ್ತದೆ.