ಎಲ್ಲ ಕೆಲಸವೂ ಅರ್ಜೆಂಟ್ ಆದಾಗ

*ಬೆಳಗಾವಿಯಲ್ಲಿ ಆರು ಜನರ ಸಾಫ್ಟ್‌ವೇರ್ ತಂಡ ನಮ್ಮದು. ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ತೂಕ, ರೈತರ ಬಿಲ್ಲಿನ ಸಾಫ್ಟ್‌ವೇರ್ ಮಾಡುತ್ತೇವೆ. ಕೆಲಸಗಳನ್ನು ಕಾರ್ಡ್ ಮಾಡಿ ಜೋಡಿಸುವ ಜಿರಾದ ಕ್ಯಾನ್‌ಬಾನ್ ಬೋರ್ಡಿನಲ್ಲಿ ತುರ್ತು, ಹೊಸ ಫೀಚರ್, ನಿರ್ವಹಣೆ ಅಂತ ಮೂರು ಅಡ್ಡಸಾಲು, ಅಂದರೆ ಸ್ವಿಮ್‌ಲೇನ್ ಮಾಡಿದೆ. ಈಗ ಎಲ್ಲ ಕಾರ್ಡೂ ತುರ್ತಿನಲ್ಲೇ ಕೂತಿವೆ. ಮಾಲೀಕರು ಅಪ್ಪನ ಗೆಳೆಯರು, ಕಾಕಾ ಅಂತಲೇ ಕರೆಯೋದು. ಯಾವ ಫೋನ್ ಬಂದರೂ ‘ಇದು ಅರ್ಜೆಂಟ್ ಐತವ್ವಾ’ ಅಂತಾರೆ. ನಿರ್ವಹಣೆ ನೋಡುವ ಹುಡುಗ ತನ್ನ ಕೆಲಸಕ್ಕೆ ಬೆಲೆಯೇ ಇಲ್ಲ ಅಂತ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಕಾಕಾಗೆ ಇಲ್ಲ ಅನ್ನೋದು ಹೇಗೆ?*
*– ಹೆಸರು ಬೇಡ, ಬೆಳಗಾವಿ*

ತಂಗಿ, ಕಾಕಾಗೆ ನೀನು ಇಲ್ಲ ಅನ್ನಬೇಕಾಗಿಲ್ಲ. ‘ಇದನ್ನ ಹಿಡಿದರ ಯಾವುದನ್ನ ಬಿಡೋಣ್ರಿ ಕಾಕಾ?’ ಅಂತ ಕೇಳಲು ಬೋರ್ಡ್ ನಿನಗೆ ಆಧಾರ ಕೊಡಬೇಕು. ಈಗ ಕೊಡುತ್ತಿಲ್ಲ, ಯಾಕೆಂದರೆ ತುರ್ತು ಲೇನಿಗೆ ಹೆಸರಿದೆ, ಬಾಗಿಲಿಲ್ಲ.

ಮೊದಲು ಕಾಕಾ ಜೊತೆ ಕೂತು ಮೂರು ಪ್ರಶ್ನೆ ಬರೆದಿಡು. ಯಾವುದಾದರೂ ಕಾರ್ಖಾನೆಯಲ್ಲಿ ತೂಕ ನಿಂತಿದೆಯೇ? ರೈತನ ಲೆಕ್ಕಕ್ಕೆ ತಪ್ಪು ಮೊತ್ತ ಹೋಗುತ್ತಿದೆಯೇ? ದಾಖಲೆ ಅಳಿಯುತ್ತಿದೆಯೇ? ಒಂದಕ್ಕಾದರೂ ಹೌದು ಅಂದರೆ ಮಾತ್ರ ತುರ್ತು. ಎರಡನೆಯದಾಗಿ, ಆ ಲೇನಿನಲ್ಲಿ ಒಂದು ಸಲಕ್ಕೆ ಒಂದೇ ಕಾರ್ಡ್. ಈ ಮಿತಿಯೇ ಇಡೀ ಏರ್ಪಾಡಿನ ಜೀವ. ಎರಡು ತುರ್ತು ಕೆಲಸ ಒಟ್ಟಿಗೆ ಹಿಡಿದರೆ ಎರಡೂ ತಡವಾಗುತ್ತವೆ, ಅವಕ್ಕಾಗಿ ಅರ್ಧಕ್ಕೆ ಬಿಟ್ಟ ಫೀಚರ್‌ಗಳು ಬೇರೆ ಹಾಗೇ ನಿಲ್ಲುತ್ತವೆ.

ಒಂದು ದಿನ ಹೀಗಿರುತ್ತದೆ ಅಂದುಕೋ. ಬೆಳಿಗ್ಗೆ ಒಂದು ಕಾರ್ಖಾನೆಯ ವೇಬ್ರಿಡ್ಜ್ ಸರ್ವರ್‌ಗೆ ಸಿಗುತ್ತಿಲ್ಲ, ಗೇಟಿನಲ್ಲಿ ಟ್ರ್ಯಾಕ್ಟರ್ ಸಾಲು ಬೆಳೆಯುತ್ತಿದೆ. ಇದು ತುರ್ತು. ಮಧ್ಯಾಹ್ನ ಇನ್ನೊಂದು ಕಡೆಯಿಂದ ಫೋನ್: ಬಿಲ್ಲಿನ ಪ್ರಿಂಟಿನಲ್ಲಿ ಹಳ್ಳಿಯ ಹೆಸರು ಅರ್ಧಕ್ಕೆ ಕತ್ತರಿಸಿದೆ. ಮೂರಕ್ಕೂ ಇಲ್ಲ. ಆದರೆ ಇದಕ್ಕೆ ಗಡುವಿದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಸೇರಬೇಕು, ಬಿಲ್ಲು ಅದಕ್ಕೂ ಮುಂಚೆ ಸರಿಯಾಗಿರಬೇಕು. ಹಾಗಾಗಿ ಕಾರ್ಡಿಗೆ ಕೊನೆಯ ದಿನಾಂಕ ಹಾಕಿ ಫೀಚರ್ ಲೇನಿನ ಮೇಲ್ತುದಿಗೆ ಇಡು. ಕಾಕಾ ಅರ್ಜೆಂಟ್ ಅನ್ನುವುದರಲ್ಲಿ ಹೆಚ್ಚಿನವು ಇಂಥವೇ ಇರುತ್ತವೆ, ಅವಕ್ಕೆ ತಾರೀಖು ಸಾಕು. ಸಂಜೆ ಮೂರನೆಯದು: ಕಬ್ಬಿನ ದರ ತಪ್ಪು ಕೂಡುತ್ತಿದೆ. ಇದೂ ನಿಜವಾದ ತುರ್ತು, ಲೇನ್ ಮಾತ್ರ ತುಂಬಿದೆ. ಈಗ ಫೋನ್ ಎತ್ತಿ ಕಾಕಾನ ಕೇಳು. ತೂಕದ ಚೀಟಿಯನ್ನು ಕೈಯಲ್ಲಿ ಬರೆದು ಒಂದೆರಡು ತಾಸು ಸಾಗಿಸಬಹುದೇ, ಬಿಲ್ಲು ಮಾಡುವುದನ್ನು ನಾಳೆಗೆ ನಿಲ್ಲಿಸಬಹುದೇ ಅಂತ ಕಾರ್ಖಾನೆಯವರ ಜೊತೆ ಮಾತಾಡಿ ಅವರೇ ಹೇಳಲಿ.

ಜಿರಾದಲ್ಲಿ ಎರಡು ಕಡೆ ಎಡವುತ್ತಾರೆ. ನಿನ್ನ ತುರ್ತು ಲೇನಿಗೆ ಕಾರ್ಡ್ ಆರಿಸುವ ಕ್ವೆರಿ ಬಹುಶಃ `priority = Highest` ಇರಬೇಕು. ಯಾರು ಪ್ರಯಾರಿಟಿ ಏರಿಸಿದರೂ ಕಾರ್ಡ್ ಒಳಗೆ ಬಂದುಬಿಡುತ್ತದೆ. ಅದರ ಬದಲು ಲೇಬಲ್ ಇಟ್ಟು, ಪ್ರಶ್ನೆ ಕೇಳಿದ ಮೇಲೆ ನೀನೊಬ್ಬಳೇ ಹಾಕು:

```
labels = turtu
labels = nirvahane
```

ಎರಡೂ ಲೇನ್ ಇದೇ ಕ್ರಮದಲ್ಲಿರಲಿ. ಮೇಲಿಂದ ಮೊದಲು ಹೊಂದುವ ಲೇನಿಗೆ ಕಾರ್ಡ್ ಹೋಗುತ್ತದೆ. ಉಳಿದದ್ದು ಕೆಳಗಿನ Everything Else ಲೇನಿಗೆ ಬೀಳುತ್ತದೆ, ಅದೇ ನಿನ್ನ ಫೀಚರ್ ಲೇನ್. ಎರಡನೆಯದು, ಅಲ್ಲಿ ಮಿತಿ ಹಾಕಲು ಬರುವುದು ಕಾಲಮ್‌ಗೆ, ಲೇನಿಗಲ್ಲ. ಮೀರಿದರೂ ಕಾಲಮ್ ಕೆಂಪಾಗುತ್ತದೆ, ಕಾರ್ಡನ್ನು ತಡೆಯುವುದಿಲ್ಲ. ಹಾಗಾಗಿ ‘ನಡೆಯುತ್ತಿದೆ’ ಕಾಲಮ್ಮಿಗೆ ಐದು ಹಾಕಿ, ಅದರಲ್ಲಿ ತುರ್ತಿಗೆ ಒಂದು, ಫೀಚರ್‌ಗೆ ಮೂರು, ನಿರ್ವಹಣೆಗೆ ಒಂದು ಅಂತ ಲೇನಿನ ಹೆಸರಿನಲ್ಲೇ ಬರೆದು, ದಿನಾ ಬೆಳಿಗ್ಗೆ ನೀನೇ ಎಣಿಸಬೇಕು. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಫೀಚರ್‌ನ ಒಂದು ಜಾಗ ನಿರ್ವಹಣೆಗೆ ಕೊಡು.

ನಿರ್ವಹಣೆಯ ಆ ಒಂದು ಜಾಗವನ್ನು ಬೇರೆ ಲೇನಿಗೆ ಸಾಲ ಕೊಡಬೇಡ. ತುರ್ತು ಬಂದರೆ ಫೀಚರ್ ಮಾಡುವವರಲ್ಲಿ ಒಬ್ಬರು ಏಳಲಿ, ಆ ಹುಡುಗನನ್ನು ಎಬ್ಬಿಸಬೇಡ. ಅವನ ಸಿಟ್ಟಿಗೆ ಕಾರಣ ನಿನ್ನ ಬೋರ್ಡಿನಲ್ಲೇ ಸಿಗಬಹುದು. ಹದಿನೈದು ದಿನಕ್ಕೊಮ್ಮೆ ಮುಗಿದ ತುರ್ತು ಕಾರ್ಡುಗಳನ್ನು ಅವನ ಜೊತೆ ತೆರೆದು ನೋಡು. ಲೇನಿಗೆ ಬಂದು ಎರಡು ದಿನ ಯಾರೂ ಮುಟ್ಟದ ಕಾರ್ಡ್ ತುರ್ತೇ ಆಗಿರಲಿಲ್ಲ. ಉಳಿದವುಗಳಲ್ಲಿ ಲಾಗ್ ಫೈಲ್ ತುಂಬಿ ಸರ್ವರ್ ನಿಂತದ್ದು, ಸರ್ಟಿಫಿಕೇಟ್ ಅವಧಿ ಮುಗಿದು ಸಂಪರ್ಕ ಕಡಿದದ್ದು ಇದ್ದರೆ, ಅದನ್ನು ತಡೆಯಬಹುದಾಗಿದ್ದ ನಿರ್ವಹಣೆ ಕಾರ್ಡನ್ನು ಹುಡುಕಿ ಎರಡಕ್ಕೂ ಜಿರಾದಲ್ಲೇ ಲಿಂಕ್ ಹಾಕು. ಅಂಥ ಜೋಡಿಗಳನ್ನು ಕಾಕಾಗೆ ಅವನೇ ತೋರಿಸಲಿ, ನೀನು ಪಕ್ಕದಲ್ಲಿ ಕೂತಿರು. ಮುಂದೆ ಯಾವ ನಿರ್ವಹಣೆ ಕಾರ್ಡ್ ಹಿಡಿಯಬೇಕು ಅಂತ ಆರಿಸುವ ಹಕ್ಕನ್ನೂ ಅವನಿಗೇ ಬಿಡು.