ವಿಸರಲ್ ಫ್ಯಾಟ್ 11: ಯಂತ್ರವನ್ನು ನಂಬಬೇಕಾ, ಟೇಪನ್ನಾ?

> "ಮನೆಯ ತೂಕದ ಯಂತ್ರ ವಿಸರಲ್ ಫ್ಯಾಟ್ 11 ಅಂತಿದೆ. ಸೊಂಟ 94 ಸೆಂ.ಮೀ., ಎತ್ತರ 168, ಗಂಡಸು. ಯಾವುದನ್ನು ನಂಬಲಿ? ಸ್ಕ್ಯಾನ್ ಬೇಕಾ?"

ಟೇಪನ್ನೇ ನಂಬಿ ಸರ್. ಬರೀ ಪಾದ ಇಟ್ಟು ನಿಲ್ಲುವ ಯಂತ್ರದಲ್ಲಿ ಕರೆಂಟು ಒಂದು ಕಾಲಿಂದ ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ, ಹೊಟ್ಟೆಯನ್ನು ಹೆಚ್ಚುಕಡಿಮೆ ಮುಟ್ಟೋದೇ ಇಲ್ಲ. ವಿಸರಲ್ ಫ್ಯಾಟ್ ಅಂದರೆ ಹೊಟ್ಟೆಯೊಳಗೆ ಅಂಗಗಳ ಸುತ್ತ ಇರುವ ಕೊಬ್ಬು; ಅದನ್ನು ಯಂತ್ರ ನಿಮ್ಮ ವಯಸ್ಸು, ಲಿಂಗ, ಎತ್ತರ, ತೂಕ ಸೇರಿಸಿ ಅಂದಾಜು ಮಾಡುತ್ತೆ. ಪ್ರೊಫೈಲಿನಲ್ಲಿ ವಯಸ್ಸು ಹತ್ತು ವರ್ಷ ಕಡಿಮೆ ಹಾಕಿ ಮತ್ತೆ ನಿಂತು ನೋಡಿ. ಸಾಮಾನ್ಯವಾಗಿ ಅಂಕಿಯೂ ಇಳಿಯುತ್ತೆ, ಹೊಟ್ಟೆ ಮಾತ್ರ ಅಷ್ಟೇ! ಮೇಲಾಗಿ ಓಮ್ರಾನ್ ಕಂಪನಿಯ ಯಂತ್ರದಲ್ಲಿ 10 ಮುಟ್ಟಿದರೇ ಹೆಚ್ಚು, ಟಾನಿಟಾ ಕಂಪನಿಯದರಲ್ಲಿ 12ರವರೆಗೂ ಸರಿ. ಹಾಗಾಗಿ ಬರೀ 11 ಅಂದರೆ ಏನೂ ಗೊತ್ತಾಗಲ್ಲ.

ಸೊಂಟ ಅಳೆಯೋದು ಪ್ಯಾಂಟ್ ಕಟ್ಟುವ ಜಾಗದಲ್ಲಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಆಗಲೂ 94 ಬಂದರೆ ಜಾಸ್ತಿಯೇ: ಭಾರತೀಯ ಗಂಡಸರಿಗೆ ಮಿತಿ 90, ಹೆಂಗಸರಿಗೆ 80. ಸೊಂಟ ಎತ್ತರದ ಅರ್ಧ ಮೀರಬಾರದು ಅನ್ನೋ ಲೆಕ್ಕದಲ್ಲಿ ನಿಮಗೆ ಮಿತಿ 84.

ಚರ್ಮದಡಿಯ ಕೊಬ್ಬನ್ನೂ ಒಳಗಿನದನ್ನೂ ಟೇಪು ಬೇರ್ಪಡಿಸಲ್ಲ, ನಿಜ. ಅದು ಸಿ.ಟಿ., ಎಂ.ಆರ್.ಐ.ಗಳ ಕೆಲಸ. ಆದರೆ ಇದೊಂದಕ್ಕೇ ಸಿ.ಟಿ. ವಿಕಿರಣ ಯಾಕೆ? ಆ ದುಡ್ಡಲ್ಲಿ ಬಿ.ಪಿ., ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ನೋಡಿಸಿ.