ಆಯಾಮ ಸರಿ, ಉತ್ತರ ತಪ್ಪು: ಸುರುಳಿಯ ಕಾಂತಕ್ಷೇತ್ರವನ್ನು ಮೂರು ಕಡೆಯಿಂದ ನೋಡುವುದು

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ವಿದ್ಯುತ್ಕಾಂತತೆಯ ಲೆಕ್ಕ ಬಿಡಿಸಿದ ಮೇಲೂ ಉತ್ತರ ಸರಿಯೋ ತಪ್ಪೋ ಅನ್ನೋ ಅನುಮಾನ ಹೋಗಲ್ಲ. ಆಯಾಮ ನೋಡು ಅಂತಾರೆ, ಆದರೆ M, L, T, A ಬರೀತಾ ಕೂತರೆ ಸಿಇಟಿಯಲ್ಲಿ ಟೈಮ್ ಸಾಲಲ್ಲ. ಆಯಾಮ ಸರಿ ಬಂದರೂ ಕೆಲವು ಸಲ ಉತ್ತರ ತಪ್ಪಾಗಿರುತ್ತೆ. ಬೇಗ ಪರೀಕ್ಷಿಸೋಕೆ ದಾರಿ ಇದೆಯಾ?

ಉತ್ತರ: ಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗಳಿಗೆ 80 ನಿಮಿಷ. ಅಷ್ಟರಲ್ಲಿ μ₀ ಆಯಾಮ M L T⁻² A⁻² ಎಂದು ನೆನಪು ಮಾಡಿಕೊಂಡು, ಎರಡೂ ಬದಿ ಬಿಡಿಸಿ ಬರೆಯಲು ಹೋಗಬೇಡಿ. ಬಾಯಿಗೆ ಬರುವ ಒಂದು ಸೂತ್ರವನ್ನೇ ಅಳತೆಗೋಲು ಮಾಡಿಕೊಳ್ಳಿ. ಉದ್ದನೆಯ ನೇರ ತಂತಿಯ ಕಾಂತಕ್ಷೇತ್ರ B = μ₀I/2πr. ಅಂದರೆ μ₀I ಅನ್ನು ಒಂದು ಉದ್ದದಿಂದ ಭಾಗಿಸಿದರೆ ಕಾಂತಕ್ಷೇತ್ರ ಸಿಗುತ್ತದೆ. ಕಾಂತಕ್ಷೇತ್ರದ ಯಾವ ಉತ್ತರ ಬಂದರೂ μ₀I ಅನ್ನು ಬೆರಳಿನಿಂದ ಮುಚ್ಚಿ, ಉಳಿದದ್ದು "1/ಉದ್ದ" ಆಗಿದೆಯೇ ಎಂದಷ್ಟೇ ನೋಡಿ. ಸ್ಥಿರವಿದ್ಯುತ್ತಿನಲ್ಲೂ ಹೀಗೆಯೇ: Q/ε₀ ಮುಚ್ಚಿದಾಗ 1/ಉದ್ದ² ಉಳಿದರೆ ಅದು ವಿದ್ಯುತ್ ಕ್ಷೇತ್ರ, 1/ಉದ್ದ ಉಳಿದರೆ ವಿಭವ.

ಈಗ ಒಂದು ಲೆಕ್ಕ ಹಿಡಿಯೋಣ. R ತ್ರಿಜ್ಯದ ಒಂದು ಸುತ್ತಿನ ವೃತ್ತಾಕಾರದ ಸುರುಳಿಯಲ್ಲಿ I ಪ್ರವಾಹವಿದೆ. ಅಕ್ಷದ ಮೇಲೆ, ಕೇಂದ್ರದಿಂದ x ದೂರದಲ್ಲಿ B ಎಷ್ಟು? ಉತ್ತರಪತ್ರಿಕೆಗಳಲ್ಲಿ ಬರಬಹುದಾದ ನಾಲ್ಕು ಉತ್ತರಗಳು ಇವು:

(ಅ) μ₀IR² / 2(R² + x²)
(ಆ) μ₀IRx / 2(R² + x²)^(3/2)
(ಇ) μ₀IR / 2(R² + x²)
(ಈ) μ₀IR² / 2(R² + x²)^(3/2)

ಮೊದಲು ಆಯಾಮ. (ಅ)ದಲ್ಲಿ μ₀I ಮುಚ್ಚಿದರೆ ಮೇಲೆ ಉದ್ದ², ಕೆಳಗೂ ಉದ್ದ². ಉದ್ದವೇ ಉಳಿಯಲಿಲ್ಲ, ಹಾಗಾಗಿ ಅದು ಕಾಂತಕ್ಷೇತ್ರವೇ ಅಲ್ಲ. ಛೇದದ ಘಾತ 3/2 ಬರೆಯಲು ಮರೆತಾಗ ಇದು ಹುಟ್ಟುತ್ತದೆ. ಉಳಿದ ಮೂರೂ 1/ಉದ್ದ ಕೊಡುತ್ತವೆ. ಇಲ್ಲಿಗೆ ಆಯಾಮದ ಕೆಲಸ ಮುಗಿಯಿತು. ಮೂರರಲ್ಲಿ ಯಾವುದು ಸರಿ ಎಂದು ಅದು ಹೇಳಲಾರದು.

ಎರಡನೆಯದಾಗಿ x = 0 ಹಾಕಿ, ಅಂದರೆ ಸುರುಳಿಯ ಕೇಂದ್ರಕ್ಕೆ ಬನ್ನಿ. ಅಲ್ಲಿ B = μ₀I/2R ಎಂದು ನಿಮಗೆ ಮೊದಲೇ ಗೊತ್ತು. (ಆ) ಸೊನ್ನೆ ಕೊಡುತ್ತದೆ, ಆದ್ದರಿಂದ ತಪ್ಪು. ಬಿಂದುವಿನಿಂದ ತಂತಿಗೆ ಎಳೆದ ಗೆರೆ ಅಕ್ಷದೊಂದಿಗೆ ಮಾಡುವ ಕೋನ θ ಎಂದಾದರೆ, sinθ ಬರಬೇಕಾದಲ್ಲಿ cosθ ಹಾಕಿದಾಗ ಆಗುವ ತಪ್ಪಿದು. ವಿದ್ಯುದಾವೇಶವಿರುವ ಉಂಗುರದ ಸೂತ್ರವನ್ನು ಇಲ್ಲಿಗೆ ಎಳೆದು ತಂದರೂ ಇದೇ ರೂಪ ಬರುತ್ತದೆ. x ಬದಲು −x ಹಾಕಿಯೂ ಇದನ್ನು ಹಿಡಿಯಬಹುದು. ಉಂಗುರದ ವಿದ್ಯುತ್ ಕ್ಷೇತ್ರ ಕೇಂದ್ರದ ಎರಡು ಬದಿಗಳಲ್ಲಿ ಎದುರುಬದುರು ದಿಕ್ಕಿಗಿರುತ್ತದೆ, ಹಾಗಾಗಿ ಅದರ ಸೂತ್ರದ ಚಿಹ್ನೆ ಬದಲಾಗಲೇಬೇಕು. ಸುರುಳಿಯ ಕಾಂತಕ್ಷೇತ್ರವಾದರೋ ಒಂದು ಬದಿಯಿಂದ ಒಳಹೊಕ್ಕು ಇನ್ನೊಂದು ಬದಿಯಿಂದ ಅದೇ ದಿಕ್ಕಿಗೆ ಹೊರಬರುತ್ತದೆ. ಅದರ ಚಿಹ್ನೆ ಬದಲಾಗಕೂಡದು.

(ಇ) ಮತ್ತು (ಈ) ಎರಡೂ ಕೇಂದ್ರದಲ್ಲಿ ಸರಿಯಾಗಿ μ₀I/2R ಕೊಡುತ್ತವೆ. ಬಹಳಷ್ಟು ಮಂದಿ ಇಲ್ಲಿಗೇ ತೃಪ್ತರಾಗಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಹೋಗಬೇಡಿ, ದೂರದ ಕೊನೆಯನ್ನೂ ನೋಡಿ.

"ದೂರ" ಎಂದರೆ R ಗೆ ಹೋಲಿಸಿದರೆ x ತುಂಬಾ ದೊಡ್ಡದು ಎಂದರ್ಥ. ಆಗ R² + x² ಇದ್ದಲ್ಲಿ x² ಎಂದೇ ಬರೆಯಬಹುದು. (ಇ) μ₀IR/2x² ಆಗುತ್ತದೆ, (ಈ) μ₀IR²/2x³ ಆಗುತ್ತದೆ. ದೂರದಿಂದ ನೋಡಿದರೆ ಸುರುಳಿ ಒಂದು ಪುಟ್ಟ ಕಾಂತ ದ್ವಿಧ್ರುವ. ಅದರ ದ್ವಿಧ್ರುವ ಮಹತ್ವ m = IπR², ಅಕ್ಷದ ಮೇಲಿನ ಕ್ಷೇತ್ರ μ₀·2m/4πx³. m ಬೆಲೆ ಹಾಕಿದರೆ μ₀IR²/2x³, ಅಂದರೆ (ಈ)ಯೇ. (ಇ) ಹೇಳುವಂತೆ 1/x² ರೀತಿಯಲ್ಲಿ ಕ್ಷೇತ್ರ ಕುಗ್ಗಬೇಕಾದರೆ ಅಲ್ಲೊಂದು ಒಂಟಿ ಕಾಂತಧ್ರುವ ಇರಬೇಕಿತ್ತು. ಸುರುಳಿಯಲ್ಲಿ ಅಂಥದ್ದಿಲ್ಲ. ವ್ಯತ್ಯಾಸವೂ ಸಣ್ಣದಲ್ಲ. x = 10R ನಲ್ಲಿ ಕ್ಷೇತ್ರ ಕೇಂದ್ರದಲ್ಲಿದ್ದುದರ 101ನೇ ಒಂದು ಭಾಗ ಎಂದು (ಇ) ಹೇಳಿದರೆ, ಸುಮಾರು 1015ನೇ ಒಂದು ಭಾಗ ಎಂದು (ಈ) ಹೇಳುತ್ತದೆ.

(ಇ) ಎಲ್ಲಿಂದ ಬಂತು ಎಂದು ನೋಡಿದರೆ ನಿಮ್ಮ ಅನುಮಾನದ ಬೇರೇ ಸಿಗುತ್ತದೆ. ಬಯೋ–ಸಾವಾ ನಿಯಮದಂತೆ ತಂತಿಯ ಪ್ರತಿ ತುಣುಕೂ μ₀I dl/4π(R² + x²) ಕೊಡುತ್ತದೆ. ಇವನ್ನು ದಿಕ್ಕು ನೋಡದೆ 2πR ಸುತ್ತಳತೆಗೆ ಕೂಡಿಬಿಟ್ಟರೆ ಸಿಗುವುದೇ (ಇ). ಆದರೆ ಎದುರುಬದುರು ತುಣುಕುಗಳ ಕ್ಷೇತ್ರಗಳಲ್ಲಿ ಅಕ್ಷಕ್ಕೆ ಅಡ್ಡವಾಗಿರುವ ಭಾಗ ಪರಸ್ಪರ ವಜಾ ಆಗಿ, R/√(R² + x²) ಪಾಲು ಮಾತ್ರ ಉಳಿಯಬೇಕು. ಆ ಗುಣಕ ಬಿಟ್ಟುಹೋಗಿದೆ. ಅದು ಬರೀ ಸಂಖ್ಯೆ, ಹಾಗಾಗಿ ಆಯಾಮಕ್ಕೆ ಸಿಗಲಿಲ್ಲ. ಕೇಂದ್ರದಲ್ಲಿ ಅದರ ಬೆಲೆ 1, ಹಾಗಾಗಿ x = 0 ಕೂಡ ಅದನ್ನು ಹಿಡಿಯಲಿಲ್ಲ. ದೂರದಲ್ಲಿ ಅದು R/x ಆಗುವುದರಿಂದ ಅಲ್ಲಿ ಮಾತ್ರ ತಪ್ಪು ಬಯಲಾಯಿತು. sin, cos ಬರುವ ಲೆಕ್ಕಗಳಲ್ಲೆಲ್ಲ ಎರಡೂ ಕೊನೆಗಳನ್ನು ನೋಡಬೇಕಾದ್ದು ಇದಕ್ಕೇ.

ದೂರದ ಕೊನೆಯನ್ನು ನೋಡುವಾಗ "ಸೊನ್ನೆಗೆ ಹೋಯಿತು, ಸರಿ" ಎಂದು ಬಿಟ್ಟುಬಿಡುವುದು ಮಾಮೂಲಿ ತಪ್ಪು. ತಪ್ಪು ಉತ್ತರಗಳೂ ಸೊನ್ನೆಗೇ ಹೋಗುತ್ತವೆ, ಹೇಗೆ ಹೋಗುತ್ತವೆ ಎಂಬುದು ಮುಖ್ಯ. ಏಕರೂಪದ ಆವೇಶವಿರುವ ತಟ್ಟೆಯ ಅಕ್ಷದ ಮೇಲೆ E = (σ/2ε₀)[1 − z/√(z² + R²)]. z ದೊಡ್ಡದಾದಾಗ ಆವರಣದೊಳಗೆ 1 − 1 ಆಗಿ ಸೊನ್ನೆ ಬಂದಂತೆ ಕಾಣುತ್ತದೆ. ಅಲ್ಲಿ ನಿಲ್ಲದೆ ದ್ವಿಪದ ವಿಸ್ತರಣೆಯ ಒಂದೇ ಹೆಜ್ಜೆ ಇಡಿ: z/√(z² + R²) ≈ 1 − R²/2z². ಆಗ E ≈ σR²/4ε₀z². Q = σπR² ಹಾಕಿದರೆ Q/4πε₀z², ಬಿಂದು ಆವೇಶದ ಸೂತ್ರವೇ ಬಂತು. ವಿಸ್ತರಣೆ ಮರೆತುಹೋದರೆ R = 1, z = 10 ಎಂದಿಟ್ಟುಕೊಳ್ಳಿ: ಆವರಣದ ಬೆಲೆ 0.00496, R²/2z² ಬೆಲೆ 0.005. z = 0 ಹತ್ತಿರ E = σ/2ε₀, ಅಂದರೆ ಅನಂತ ಹಾಳೆಯ ಬೆಲೆ. ಇದನ್ನು ವಾಹಕದ ಮೇಲ್ಮೈಯ σ/ε₀ ಜೊತೆ ಹೋಲಿಸಿ, ಸರಿಯಾದ ಉತ್ತರವನ್ನೇ ಹೊಡೆದುಹಾಕುವವರಿದ್ದಾರೆ. ಯಾವುದರ ಜೊತೆ ಹೋಲಿಸುತ್ತಿದ್ದೀರಿ ಎಂಬುದು ಖಚಿತವಾಗಿರಲಿ.

ಈ ಪರೀಕ್ಷೆಗಳು ತಪ್ಪನ್ನು ಹೊರಹಾಕುತ್ತವೆ, ಸರಿಯೆಂದು ಸಾಧಿಸುವುದಿಲ್ಲ. μ₀IR²/2(R³ + |x|³) ಎಂದು ಬರೆದು ನೋಡಿ: ಆಯಾಮ, ಕೇಂದ್ರ, ದೂರ, −x ಎಲ್ಲದರಲ್ಲೂ ಪಾಸಾಗುತ್ತದೆ, ಆದರೂ ತಪ್ಪು. ತಂತಿಯಿಂದ ಬಿಂದುವಿಗಿರುವ ದೂರ √(R² + x²) ಆಗಿರುವಾಗ R³ + |x|³ ಬರಲು ದಾರಿಯೇ ಇಲ್ಲ ಎಂದು ಚಿತ್ರ ನೋಡಿಯೇ ತಿಳಿಯಬೇಕು. 2, π ಗಳ ಎಡವಟ್ಟನ್ನೂ ಆಯಾಮ ಹಿಡಿಯದು. ಆದ್ದರಿಂದ ಕೇಂದ್ರದ ಬೆಲೆ "1/R ರೀತಿ" ಎಂದಷ್ಟೇ ನೆನಪಿದ್ದರೆ ಸಾಲದು, μ₀I/2R ಎಂದು ಪೂರ್ತಿ ನೆನಪಿರಬೇಕು.

ಇದೆಲ್ಲ ನಡೆಯುವುದು ಕೊನೆಯವರೆಗೆ ಅಕ್ಷರಗಳನ್ನೇ ಉಳಿಸಿಕೊಂಡರೆ ಮಾತ್ರ. ಪ್ರಶ್ನೆಯಲ್ಲಿ R = 0.1 m ಎಂದಿದೆಯೆಂದು ಮೊದಲ ಸಾಲಿನಲ್ಲೇ 0.1 ಹಾಕಿದರೆ, ಅದು R ಇಂದ ಬಂದದ್ದೋ R² ಇಂದ ಬಂದದ್ದೋ ಎಂದು ಮುಂದೆ ಹುಡುಕಲು ಏನೂ ಉಳಿದಿರುವುದಿಲ್ಲ. R, x, I ಇಟ್ಟುಕೊಂಡೇ ಬಿಡಿಸಿ, ಈ ಮೂರು ನೋಟ ನೋಡಿ, ಆಮೇಲೆ ಕೊನೆಯ ಸಾಲಿನಲ್ಲಿ ಸಂಖ್ಯೆ ಹಾಕಿ.